36 ತಿಂಗಳ ಗಳಿಕೆ, ಒಂದು ಮಂಗಳವಾರ: ಗಂಗಾವತಿಯ ಒಂದು ಆಪ್ಷನ್ ಖಾತೆ

ಗಂಗಾವತಿಯಲ್ಲಿ ಅಂಗಡಿ, ರೈಸ್ ಮಿಲ್ಲುಗಳ ತೆರಿಗೆ ಲೆಕ್ಕ ಬರೆಯುವುದು ನನ್ನ ಕೆಲಸ. 2024ರ ಜುಲೈನಲ್ಲಿ ರಿಟರ್ನ್ ಸಲ್ಲಿಸುವ ಗಡಿಬಿಡಿಯ ನಡುವೆ ಹಳೆಯ ಪರಿಚಯದ ಸಾಹುಕಾರರೊಬ್ಬರು ಬಂದು ಕುಳಿತರು. ಮಿಲ್ಲುಗಳಿಂದ ತೌಡು, ನುಚ್ಚು ಕೊಂಡು ಮಾರುವ ವ್ಯಾಪಾರ ಅವರದು. ಹಿಂದಿನ ಹಣಕಾಸು ವರ್ಷದಲ್ಲಿ ಆಪ್ಷನ್ ವಹಿವಾಟಿನಿಂದ ಅವರಿಗೆ 4 ಲಕ್ಷದಷ್ಟು ಲಾಭ ಬಂದಿತ್ತು. ಅದಕ್ಕೆ ತೆರಿಗೆ ಕಟ್ಟಬೇಕು ಎಂದೆ.

"ಸರ್, ಆ ರೊಕ್ಕ ಈಗ ಇಲ್ರೀ. ಜೂನ್ ನಾಲ್ಕಕ್ಕ ಎಲ್ಲಾ ಹೋತು" ಎಂದರು.

ಜೂನ್‌ನ ನಷ್ಟ ಮುಂದಿನ ವರ್ಷದ ಲೆಕ್ಕಕ್ಕೆ ಸೇರುತ್ತದೆ. ಹಿಂದಿನ ವರ್ಷದ ಲಾಭದಿಂದ ಅದನ್ನು ಕಳೆಯಲು ಬರುವುದಿಲ್ಲ. ಇದನ್ನು ಹೇಳುವಾಗ ನನಗೂ ಕಷ್ಟವಾಯಿತು. ಆಮೇಲೆ ಅವರ ಮೂರು ವರ್ಷದ ಕಾಂಟ್ರ್ಯಾಕ್ಟ್ ನೋಟುಗಳನ್ನೆಲ್ಲ ತೆಗೆಸಿ, ಇಬ್ಬರೂ ಎರಡು ಭಾನುವಾರ ಕುಳಿತು ನೋಡಿದೆವು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಮೊತ್ತಗಳನ್ನು ಸ್ವಲ್ಪ ದುಂಡಾಗಿಸಿ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಇದೇ ದಾರಿ ಹಿಡಿದವರು ಇನ್ನೂ ಕೆಲವರಿದ್ದಾರೆ.

ಅವರು ಮಾಡುತ್ತಿದ್ದದ್ದು

2021ರ ಜೂನ್‌ನಲ್ಲಿ ಸಿಂಧನೂರಿನ ಒಂದು ಸೈಟು ಮಾರಿ ಬಂದ 20 ಲಕ್ಷದಿಂದ ಶುರು ಮಾಡಿದರು. ವಿಧಾನ ಸರಳ. ಪ್ರತಿ ವಾರ ಷೇರು ಸೂಚ್ಯಂಕ ನಿಫ್ಟಿಯ ಒಂದು ಕಾಲ್, ಒಂದು ಪುಟ್ ಮಾರುವುದು. ನಿಫ್ಟಿ ಒಂದು ಮಟ್ಟದ ಮೇಲೆ ಹೋದರೆ ಕಾಲ್ ಕೊಂಡವನಿಗೆ, ಒಂದು ಮಟ್ಟದ ಕೆಳಗೆ ಬಿದ್ದರೆ ಪುಟ್ ಕೊಂಡವನಿಗೆ ಮಾರಿದವನು ಆ ವ್ಯತ್ಯಾಸ ಕೊಡಬೇಕು. ಎರಡೂ ಈಗಿನ ಮಟ್ಟದಿಂದ ದೂರದವು. ನಿಫ್ಟಿ 16,000ದಲ್ಲಿದ್ದರೆ, ಉದಾಹರಣೆಗೆ, 16,400ರ ಕಾಲ್ ಮತ್ತು 15,600ರ ಪುಟ್. ಆಗ ಗುರುವಾರ ಬರುತ್ತಿದ್ದ ಎಕ್ಸ್‌ಪೈರಿ, ಅಂದರೆ ಅವಧಿ ಮುಗಿಯುವ ಹೊತ್ತಿಗೆ ನಿಫ್ಟಿ ಈ ಎರಡರ ನಡುವೆ ಇದ್ದರೆ ಎರಡೂ ಸೊನ್ನೆಯಾಗುತ್ತವೆ. ಮಾರಿದಾಗ ಸಿಕ್ಕ ಪ್ರೀಮಿಯಂ ಪೂರ್ತಿ ಜೇಬಿಗೆ. ಇದಕ್ಕೆ ಸ್ಟ್ರ್ಯಾಂಗಲ್ ಎನ್ನುತ್ತಾರೆ.

ಇಲ್ಲಿ ಮಾರುವ ಸರಕು ನಿಫ್ಟಿ ಅಲ್ಲ. ಏರಿಳಿತವನ್ನು ಮಾರುವುದು. ಮಾರುಕಟ್ಟೆ ಮೇಲೆ ಹೋಗುತ್ತದೋ ಕೆಳಗೆ ಬರುತ್ತದೋ ಎಂಬುದು ಮಾರಿದವನಿಗೆ ಮುಖ್ಯವಲ್ಲ. ಜಾಸ್ತಿ ಅಲುಗಾಡಬಾರದು, ಅಷ್ಟೇ. ಆಪ್ಷನ್ ದರದೊಳಗೆ ಮುಂದೆ ಎಷ್ಟು ಅಲುಗಾಟ ಇರಬಹುದು ಎಂಬ ಅಂದಾಜು ಅಡಗಿರುತ್ತದೆ. ನಿಫ್ಟಿ ಆಪ್ಷನ್‌ಗಳಿಂದ ಆ ಅಂದಾಜನ್ನು ತೆಗೆದು ಎನ್‌ಎಸ್‌ಇ ಒಂದು ಅಂಕಿಯಾಗಿ ಕೊಡುತ್ತದೆ. ಅದೇ ಇಂಡಿಯಾ ವಿಕ್ಸ್. ಅದು ವರ್ಷದ ಲೆಕ್ಕದ ಶೇಕಡಾವಾರು. ದಿನದ ಲೆಕ್ಕ ಬೇಕಾದರೆ 16ರಿಂದ ಭಾಗಿಸಿದರೆ ಸಾಕು. ವಿಕ್ಸ್ 16 ಇದ್ದರೆ ದಿನಕ್ಕೆ ಸುಮಾರು 1% ಅಲುಗಾಟವನ್ನು ಮಾರುಕಟ್ಟೆ ಅಂದಾಜು ಮಾಡಿದೆ ಎಂದರ್ಥ.

ಈ ಅಂದಾಜಿಗೆ ಹೋಲಿಸಿದರೆ ನಿಜವಾಗಿ ಆಗುವ ಅಲುಗಾಟ ಬಹುತೇಕ ತಿಂಗಳು ಕಡಿಮೆಯೇ ಇರುತ್ತದೆ. ದಿನಕ್ಕೆ 1% ಎಂದು ದರ ಕಟ್ಟಿ ಮಾರಿದ್ದು 0.7% ಮಾತ್ರ ಅಲುಗಾಡಿದರೆ ಆ ವ್ಯತ್ಯಾಸ ಮಾರಿದವನ ಲಾಭ. ಸಾಹುಕಾರರ ಮೂರು ವರ್ಷದ ಗಳಿಕೆಯ ಮೂಲ ಇದೇ.

ಆ ವ್ಯತ್ಯಾಸ ಯಾಕೆ ಉಳಿಯುತ್ತದೆ?

ಸುಮ್ನೆ ಸಿಗುವ ಹಣವಾಗಿದ್ದರೆ ಎಲ್ಲರೂ ನುಗ್ಗಿ ಮಾರಿ ಅದನ್ನು ಯಾವಾಗಲೋ ಮುಗಿಸುತ್ತಿದ್ದರು. ಹಾಗಾಗಿಲ್ಲ. ಕಾರಣ ತಿಳಿಯಲು ಬೆಳೆ ವಿಮೆ ನೆನೆಸಿಕೊಂಡರೆ ಸಾಕು.

ಒಣಬೇಸಾಯದ ರೈತ ಪ್ರತಿ ವರ್ಷ ವಿಮೆಯ ಕಂತು ಕಟ್ಟುತ್ತಾನೆ. ಮಳೆ ಚೆನ್ನಾಗಿ ಬಂದ ವರ್ಷ ಅದು ಹೋಯಿತು ಎಂದೇ ಲೆಕ್ಕ. ಆದರೂ ಕಟ್ಟುತ್ತಾನೆ. ಬರ ಬಂದಾಗ ಕೈಗೆ ಬರುವ ಒಂದು ರೂಪಾಯಿ, ಸುಗ್ಗಿಯ ವರ್ಷದ ಎರಡು ರೂಪಾಯಿಗಿಂತ ದೊಡ್ಡದು ಎಂದು ಅವನಿಗೆ ಗೊತ್ತು. ಷೇರು ಮಾರುಕಟ್ಟೆಯಲ್ಲಿ ಆ ರೈತನ ಜಾಗದಲ್ಲಿ ಇರುವವರು ದೊಡ್ಡ ಮೊತ್ತದ ಷೇರು ಇಟ್ಟುಕೊಂಡ ಫಂಡುಗಳು. ಬೀಳುವ ದಿನಕ್ಕೆ ರಕ್ಷಣೆಯಾಗಿ ಅವರು ಪುಟ್ ಕೊಳ್ಳುತ್ತಾರೆ. ನ್ಯಾಯವಾದ ದರಕ್ಕಿಂತ ಸ್ವಲ್ಪ ಜಾಸ್ತಿ ಕೊಡಲೂ ತಯಾರಿರುತ್ತಾರೆ.

ಇದು ಕೊಳ್ಳುವವರ ಕಡೆಯ ಕಾರಣ. ಮಾರುವವನ ಕಡೆಯ ಕಾರಣ ಇನ್ನೂ ಮುಖ್ಯ ಎಂದು ನನಗನಿಸುತ್ತದೆ. ಪುಟ್ ಮಾರಿದವನಿಗೆ ನಷ್ಟವಾಗುವುದು ಯಾವತ್ತೋ ಒಂದು ಸಾಮಾನ್ಯ ದಿನವಲ್ಲ. ಎಲ್ಲರಿಗೂ ನಷ್ಟವಾಗುವ ದಿನವೇ ಅವನಿಗೂ ಆಗುತ್ತದೆ. ಅವನ ಷೇರುಗಳೂ ಅಂದೇ ಬೀಳುತ್ತವೆ. ಅವನು ಸಾಲ ಕೇಳುವವರೂ ಅಂದೇ ಕೈ ಬಿಗಿ ಹಿಡಿಯುತ್ತಾರೆ. ಅಂಥ ದಿನದ ನಷ್ಟವನ್ನು ಹೊರುವುದಕ್ಕೆ ಕೂಲಿ ಬೇಕು. ಆ ಕೂಲಿಯೇ ಪ್ರೀಮಿಯಂನಲ್ಲಿರುವ ಹೆಚ್ಚುವರಿ ಭಾಗ.

ಬೆಳೆ ವಿಮೆಯ ಕಂಪನಿಗೂ ಸಾಹುಕಾರರಿಗೂ ಇಲ್ಲೊಂದು ದೊಡ್ಡ ವ್ಯತ್ಯಾಸವಿದೆ. ಕಂಪನಿಗೆ ಕೊಪ್ಪಳದಲ್ಲಿ ಬರವಾದರೂ ಕೊಡಗಿನಲ್ಲಿ ಮಳೆಯಾಗಿರಬಹುದು. ಹತ್ತಾರು ಜಿಲ್ಲೆ, ಹತ್ತಾರು ಬೆಳೆ. ಸಾಹುಕಾರರದು ಒಂದೇ ಹೊಲ. 2023ರಲ್ಲಿ ಅವರು ನಿಫ್ಟಿಯ ಜೊತೆ ಬ್ಯಾಂಕ್ ನಿಫ್ಟಿಯನ್ನೂ ಕೆಲವು ವಾರ ಮಾರಿದ್ದರು, ಅಪಾಯ ಹಂಚಿದಂತಾಯಿತು ಎಂದುಕೊಂಡು. ಆದರೆ ದೊಡ್ಡದಾಗಿ ಬೀಳುವ ದಿನ ಎರಡೂ ಕೂಡಿಯೇ ಬೀಳುತ್ತವೆ. ಅದು ಹಂಚಿಕೆಯಲ್ಲ, ಅದೇ ಹೊಲಕ್ಕೆ ಎರಡನೇ ಸಲ ವಿಮೆ ಮಾರಿದಂತೆ.

ಗೆಲುವಿನ ವರ್ಷಗಳು ಕಲಿಸಿದ್ದು

36 ತಿಂಗಳಲ್ಲಿ 31 ತಿಂಗಳು ಲಾಭ, 5 ತಿಂಗಳು ನಷ್ಟ. ಒಟ್ಟು ಉಳಿದದ್ದು 9.2 ಲಕ್ಷ. ಅದರಲ್ಲಿ 3.2 ಲಕ್ಷವನ್ನು ಮನೆ ಖರ್ಚಿಗೆ ತೆಗೆದಿದ್ದರು. ಖಾತೆಯಲ್ಲಿ 26 ಲಕ್ಷವಿತ್ತು. ನೋಡಿದವರು ಯಾರಾದರೂ ಇದು ಗಟ್ಟಿಯಾದ ದಾರಿ ಎಂದೇ ಹೇಳುತ್ತಿದ್ದರು, ಅಲ್ವಾ?

ನಡುವೆ ಒಂದು ಪೆಟ್ಟು ಬಿದ್ದಿತ್ತು. 2022ರ ಫೆಬ್ರುವರಿ 24, ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ದಿನ. ಅಂದು ಗುರುವಾರ, ಎಕ್ಸ್‌ಪೈರಿ. ನಿಫ್ಟಿ 815 ಅಂಶ, ಅಂದರೆ 4.78% ಬಿದ್ದು 16,248ಕ್ಕೆ ಬಂತು. ಅವರು 16,800ರ ಪುಟ್ ಮಾರಿದ್ದರು. ಆಗ ಅವರು ಮಾರುತ್ತಿದ್ದ ಪ್ರಮಾಣ 400, ಅಂದರೆ ಕಾಲ್, ಪುಟ್ ತಲಾ 400. ಹತ್ತಿರ ಹತ್ತಿರ 1.9 ಲಕ್ಷ ಹೋಯಿತು. ಆರೇಳು ತಿಂಗಳಲ್ಲಿ ಅದು ವಾಪಸ್ ಬಂತು.

ಆ ಪೆಟ್ಟಿಗಿಂತ ಹಣ ವಾಪಸ್ ಬಂದದ್ದೇ ಮುಂದೆ ದುಬಾರಿಯಾಯಿತು ಎಂದು ನಾನು ನಂಬುತ್ತೇನೆ. ಕೆಟ್ಟ ದಿನ ಎಂದರೆ ಇಷ್ಟೇ, ಅರ್ಧ ವರ್ಷದಲ್ಲಿ ಸರಿಹೋಗುತ್ತದೆ ಎಂಬ ಅಳತೆ ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು. ಅವರ ಲೆಕ್ಕದ ಪುಸ್ತಕ ಶುರುವಾದದ್ದೇ 2021ರ ಜೂನ್‌ನಲ್ಲಿ. 2020ರ ಮಾರ್ಚ್ ಅದರಲ್ಲಿ ಇರಲಿಲ್ಲ. ಆ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಸುಮಾರು 13% ಬಿದ್ದಿತ್ತು. ಮರುದಿನ ಇಂಡಿಯಾ ವಿಕ್ಸ್ 83 ದಾಟಿತ್ತು.

ಇನ್ನೊಂದು ವಿಷಯ ನಿಧಾನವಾಗಿ ನಡೆಯಿತು, ಅವರ ಗಮನಕ್ಕೇ ಬರದಂತೆ. ಶುರುವಿನಲ್ಲಿ ಮಾರಿದ ಪ್ರತಿ ಒಂದರ ಮೇಲೆ ತಿಂಗಳಿಗೆ ಸುಮಾರು 75 ರೂಪಾಯಿ ಉಳಿಯುತ್ತಿತ್ತು. 400 ಮಾರಿದರೆ 30,000. 2023ರಲ್ಲಿ ಮಾರುಕಟ್ಟೆ ತುಂಬ ಶಾಂತವಾಯಿತು. ವಿಕ್ಸ್ 11, 12ರ ಆಸುಪಾಸಿಗೆ ಇಳಿಯಿತು. ಪ್ರೀಮಿಯಂ ಸಣ್ಣದಾಯಿತು. ಒಂದರ ಮೇಲೆ ಉಳಿಯುವುದು 34 ರೂಪಾಯಿಗೆ ಬಂತು. ಮನೆಯಲ್ಲಿ ತಿಂಗಳಿಗೆ 30,000ದ ಲೆಕ್ಕ ಆಗಲೇ ರೂಢಿಯಾಗಿತ್ತು. ಹಾಗಾಗಿ ಪ್ರಮಾಣ ಮೊದಲು 600, ಆ ವರ್ಷದ ಕೊನೆಗೆ 1,000 ಆಯಿತು. ಗಳಿಕೆ ತಿಂಗಳಿಗೆ 34,000.

ಪಾಸ್‌ಬುಕ್ಕಿನಲ್ಲಿ ಏನೂ ಬದಲಾದಂತೆ ಕಾಣುವುದಿಲ್ಲ. ಆದರೆ ಅದೇ ಆದಾಯಕ್ಕೆ ಹೊತ್ತ ಭಾರ ಎರಡೂವರೆ ಪಟ್ಟಾಗಿತ್ತು. ನಿಫ್ಟಿ 22,500 ಇರುವಾಗ 1,000 ಪ್ರಮಾಣ ಎಂದರೆ 2.25 ಕೋಟಿಯ ಸರಕು. ಖಾತೆಯಲ್ಲಿದ್ದದ್ದು 26 ಲಕ್ಷ. ಎಂಟೂವರೆ ಪಟ್ಟಿಗಿಂತ ಜಾಸ್ತಿ. ಏರಿಳಿತ ಮಾರುವವರಲ್ಲಿ ಇದು ಎಲ್ಲೆಲ್ಲೂ ಕಾಣುವ ರೋಗ: ಮಾರುಕಟ್ಟೆ ಶಾಂತವಾದಷ್ಟೂ ಪ್ರಮಾಣ ಬೆಳೆಯುತ್ತದೆ. ಹಾಗಾಗಿ ಗಾಳಿ ಏಳುವ ದಿನಕ್ಕೆ ಎಲ್ಲರ ಹೊರೆಯೂ ದೊಡ್ಡದಾಗಿಯೇ ಇರುತ್ತದೆ.

ಆ ವಾರ

2024ರ ಮೇ 31, ಶುಕ್ರವಾರ. ಲೋಕಸಭಾ ಚುನಾವಣೆಯ ಫಲಿತಾಂಶ ಮಂಗಳವಾರ ಬರಲಿತ್ತು. ವಿಕ್ಸ್ 24ರ ಮೇಲೆ ಏರಿತ್ತು. ತಿಂಗಳುಗಟ್ಟಲೆ ತೆಳ್ಳಗಿದ್ದ ಪ್ರೀಮಿಯಂ ಈಗ ದಪ್ಪವಾಗಿತ್ತು. ನಿಫ್ಟಿ 22,531ಕ್ಕೆ ಮುಗಿಯಿತು. ಜೂನ್ 6ರ ಎಕ್ಸ್‌ಪೈರಿಗೆ ಅವರು 23,500ರ ಕಾಲ್ ಅನ್ನು 60 ರೂಪಾಯಿಗೆ, 21,500ರ ಪುಟ್ ಅನ್ನು 75 ರೂಪಾಯಿಗೆ ಮಾರಿದರು. ತಲಾ 1,000. ಎರಡೂ ಕಡೆ ಸುಮಾರು 1,000 ಅಂಶದ ಜಾಗ ಇತ್ತು. ಮಾರಿದವನು ಒತ್ತೆಯಾಗಿ ಇಡಬೇಕಾದ ಮಾರ್ಜಿನ್‌ಗೆ ಬ್ರೋಕರ್ 26 ಲಕ್ಷದಲ್ಲಿ 23 ಲಕ್ಷ ಹಿಡಿದಿಟ್ಟರು.

ಶನಿವಾರ ಸಂಜೆ ಮತಗಟ್ಟೆ ಸಮೀಕ್ಷೆಗಳು ಬಂದವು. ಸೋಮವಾರ ನಿಫ್ಟಿ 733 ಅಂಶ ಜಿಗಿದು 23,264ಕ್ಕೆ ಮುಗಿಯಿತು. ವಿಕ್ಸ್ 21ರ ಹತ್ತಿರಕ್ಕೆ ಇಳಿಯಿತು. 60ಕ್ಕೆ ಮಾರಿದ ಕಾಲ್ 140 ಆಯಿತು. ಅಲ್ಲಿ 80,000 ನಷ್ಟ ಕಾಣುತ್ತಿತ್ತು. 75ಕ್ಕೆ ಮಾರಿದ ಪುಟ್ 15ಕ್ಕೆ ಇಳಿದಿತ್ತು.

ಇಲ್ಲಿ ಅವರು ಮಾಡಿದ್ದು ಸ್ಟ್ರ್ಯಾಂಗಲ್ ಮಾರುವ ಬಹಳ ಜನ ಮಾಡುವ ಕೆಲಸ. ಇದಕ್ಕೆ ಅಡ್ಜಸ್ಟ್‌ಮೆಂಟ್ ಎನ್ನುತ್ತಾರೆ. ಒಂದು ಕಡೆ ಒತ್ತಡ ಬಂದಾಗ ಇನ್ನೊಂದು ಕಡೆಯದನ್ನು ಹತ್ತಿರಕ್ಕೆ ಎಳೆದು ಹೊಸ ಪ್ರೀಮಿಯಂ ತೆಗೆದುಕೊಳ್ಳುವುದು. 15ಕ್ಕೆ ಪುಟ್ ವಾಪಸ್ ಕೊಂಡು 60,000 ಲಾಭ ಮಾಡಿದರು. ತಕ್ಷಣ 22,500ರ ಪುಟ್ ಅನ್ನು 70ಕ್ಕೆ ಮಾರಿದರು. ಕೆಳಗಿನ ಜಾಗ ಈಗ 764 ಅಂಶ ಮಾತ್ರ. ಅದೂ ಫಲಿತಾಂಶದ ಹಿಂದಿನ ಸಂಜೆ. ಮೇಲಿನ ಅಪಾಯಕ್ಕೆ ಹೆದರಿ ಕೆಳಗಿನ ಬಾಗಿಲನ್ನು ಅಗಲ ಮಾಡಿದಂತಾಯಿತು.

ಇಷ್ಟು ನಷ್ಟವಾದರೆ ತಾನೇ ಮುಚ್ಚಲಿ ಎಂದು ಇಡುವ ಸ್ಟಾಪ್‌ಲಾಸ್ ಇರಲಿಲ್ಲ. ಹಿಂದೆ ಇಡುತ್ತಿದ್ದರು. ಎಷ್ಟೋ ಸಲ ಅದು ತಾಗಿ ನಷ್ಟವಾದ ಮೇಲೆ ಮಾರುಕಟ್ಟೆ ಹಿಂದಕ್ಕೆ ತಿರುಗಿತ್ತು. ಹಾಗಾಗಿ 2023ರಲ್ಲಿ ಇಡುವುದನ್ನೇ ಬಿಟ್ಟಿದ್ದರು.

ಮಂಗಳವಾರ ಬೆಳಗ್ಗೆ ನಿಫ್ಟಿ 23,180ರ ಆಸುಪಾಸಿನಲ್ಲಿ ತೆರೆಯಿತು. ಮೊದಲ ನಿಮಿಷಗಳಲ್ಲಿ ಹೆದರಿಕೆ ಇರಲಿಲ್ಲ. ಮತ ಎಣಿಕೆ ಸಾಗಿದಂತೆ ಸಮೀಕ್ಷೆ ಹೇಳಿದಂತೆ ಆಗುತ್ತಿಲ್ಲ ಎಂಬುದು ಗೊತ್ತಾಗತೊಡಗಿತು. ಸೂಚ್ಯಂಕ ಜಾರತೊಡಗಿತು.

ಆಗ ಆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ದೂರದ ಪುಟ್ ಮಾರಿದಾಗ ಅದರ ನಷ್ಟ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. 23,200ರಲ್ಲಿ ನಿಫ್ಟಿ ಒಂದು ಅಂಶ ಬಿದ್ದರೆ ಅವರಿಗೆ ಹೆಚ್ಚುಕಡಿಮೆ 150 ರೂಪಾಯಿ ನಷ್ಟ. 22,500ಕ್ಕೆ ಬರುವ ಹೊತ್ತಿಗೆ ಒಂದು ಅಂಶಕ್ಕೆ 500 ರೂಪಾಯಿಯಷ್ಟು. 21,700ರಲ್ಲಿ 900ರ ಹತ್ತಿರ. ಬಿದ್ದಷ್ಟೂ ಹೊರೆ ತಾನೇ ತಾನಾಗಿ ದೊಡ್ಡದಾಗುತ್ತದೆ. ಇದರ ಮೇಲೆ ಹೆದರಿಕೆಯಿಂದ ಪುಟ್ ದರವೇ ಉಬ್ಬುತ್ತದೆ. ಬೆಳಗ್ಗೆ 70, 80 ಇದ್ದದ್ದು 22,400ಕ್ಕೆ ಬಂದಾಗ 330 ದಾಟಿತ್ತು.

ಮಾರ್ಜಿನ್ ಕೊರತೆಯ ಮೆಸೇಜುಗಳು ಬರತೊಡಗಿದವು. ಪುಟ್ ಹತ್ತಿರವಾದಂತೆ ಎಕ್ಸ್‌ಚೇಂಜಿನ ಲೆಕ್ಕದಲ್ಲಿ ಅದಕ್ಕೆ ಬೇಕಾದ ಮಾರ್ಜಿನ್ ಏರುತ್ತದೆ.   ಬೇಕಾದದ್ದು ಏರುತ್ತಿತ್ತು, ನಷ್ಟದಿಂದ ಇದ್ದದ್ದು ಇಳಿಯುತ್ತಿತ್ತು. ಅಂಗಡಿಯ ಖಾತೆಯಿಂದ 1.5 ಲಕ್ಷ ಹಾಕಿದರು. ಸಾಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಿಫ್ಟಿ 21,550ರ ಹತ್ತಿರ ಇದ್ದಾಗ ಬ್ರೋಕರ್ ಕಡೆಯಿಂದಲೇ ಪೊಸಿಷನ್ ಮುಚ್ಚಲಾಯಿತು. ಪುಟ್‌ಗೆ ಸರಾಸರಿ 1,050 ರೂಪಾಯಿ ಬಿತ್ತು. ಕಾಲ್ 5 ರೂಪಾಯಿಗೆ ಇಳಿದಿತ್ತು.

ಲೆಕ್ಕ ಹೀಗೆ. ಪುಟ್‌ನಲ್ಲಿ 9.8 ಲಕ್ಷ ನಷ್ಟ. ಕಾಲ್‌ನಲ್ಲಿ 55,000 ಲಾಭ, ಸೋಮವಾರದ ಪುಟ್‌ನಲ್ಲಿ 60,000 ಲಾಭ. ಖರ್ಚು ಸೇರಿ ನಿಂತದ್ದು 8.7 ಲಕ್ಷ ನಷ್ಟ. 36 ತಿಂಗಳಲ್ಲಿ ಗಳಿಸಿದ್ದು 9.2 ಲಕ್ಷ.

ಅಂದು ನಿಫ್ಟಿ 21,281ರವರೆಗೂ ಇಳಿದು, 5.93% ನಷ್ಟದೊಂದಿಗೆ 21,884ಕ್ಕೆ ಮುಗಿಯಿತು. ಬುಧವಾರ 22,620. ಗುರುವಾರ, ಎಕ್ಸ್‌ಪೈರಿಯ ದಿನ, 22,821.

ಈ ಕೊನೆಯ ಅಂಕಿಯನ್ನು ಮೊದಲ ಭಾನುವಾರ ನೋಡಿದಾಗ ಸಾಹುಕಾರರು ಬಹಳ ಹೊತ್ತು ಮಾತಾಡಲಿಲ್ಲ. 22,500ರ ಪುಟ್ ಗುರುವಾರ ಸೊನ್ನೆಯಾಗಿತ್ತು. 23,500ರ ಕಾಲ್ ಕೂಡ ಸೊನ್ನೆ. ಅವರು ಮಾರಿದ್ದೆಲ್ಲ ಕೊನೆಗೆ ಅವರು ಎಣಿಸಿದಂತೆಯೇ ಮುಗಿದಿತ್ತು. ಮೂರು ದಿನ ಹಿಡಿದಿಟ್ಟುಕೊಳ್ಳುವ ಶಕ್ತಿ ಇದ್ದಿದ್ದರೆ ಆ ವಾರ 1.9 ಲಕ್ಷ ಲಾಭ.

"ಅಂದ್ರ ನಾ ತಪ್ಪು ಮಾಡಿಲ್ಲಲ್ರೀ ಸರ್?" ಎಂದು ಕೇಳಿದರು.

ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಇಡೀ ಪ್ರಕರಣ ತಿಳಿದಂತೆ. ಅವರ ಅಂದಾಜು ತಪ್ಪಾಗಿರಲಿಲ್ಲ. ಪ್ರಮಾಣ ತಪ್ಪಾಗಿತ್ತು. ಏರಿಳಿತ ಮಾರಿದವನಿಗೆ ಎಕ್ಸ್‌ಪೈರಿಯ ದಿನ ಏನಾಗುತ್ತದೆ ಎಂಬುದಕ್ಕಿಂತ, ಅಲ್ಲಿಯವರೆಗೆ ಪ್ರತಿ ಗಂಟೆ ಖಾತೆಯಲ್ಲಿ ಮಾರ್ಜಿನ್ ಸಾಕಾಗುತ್ತದೆಯೇ ಎಂಬುದು ಮುಖ್ಯ. ಹಾಗಂತ ಹಿಡಿದಿಟ್ಟುಕೊಳ್ಳಬೇಕಿತ್ತು ಎಂದು ಅರ್ಥ ಮಾಡಿಕೊಳ್ಳಬಾರದು. ಮಂಗಳವಾರ ಮಧ್ಯಾಹ್ನ ಬುಧವಾರದ ಏರಿಕೆ ಯಾರಿಗೂ ಗೊತ್ತಿರಲಿಲ್ಲ. ಅದೇ ಹೊರೆಯ ಮೇಲೆ 2020ರ ಮಾರ್ಚ್ 23ರಂಥ 13% ಬಿದ್ದಿದ್ದರೆ ನಿಫ್ಟಿ 20,240ಕ್ಕೆ ಬರುತ್ತಿತ್ತು. ಆಗ 22,500ರ ಪುಟ್‌ನ ನಷ್ಟವೇ 22 ಲಕ್ಷ.

ಸರಿಯಾದ ಪ್ರಮಾಣ ಎಷ್ಟಿತ್ತು?

ಬ್ರೋಕರ್ ಮಾರ್ಜಿನ್ ಎಷ್ಟಕ್ಕೆ ಬಿಡುತ್ತಾರೋ ಅಷ್ಟನ್ನು ಅವರು ಮಾರುತ್ತಿದ್ದರು. ಮಾರ್ಜಿನ್ ಎಂಬುದು ಎಕ್ಸ್‌ಚೇಂಜ್ ತನ್ನ ರಕ್ಷಣೆಗೆ ಇಡುವ ಕನಿಷ್ಠ ಅಳತೆ. ನಮ್ಮ ಉಳಿತಾಯಕ್ಕೆ ಅದು ಅಳತೆಯಲ್ಲ.

ನಾವು ಉಲ್ಟಾ ಲೆಕ್ಕ ಹಾಕಿದೆವು. ಒಂದು ಕೆಟ್ಟ ದಿನದಲ್ಲಿ 26 ಲಕ್ಷದ 10%, ಅಂದರೆ 2.6 ಲಕ್ಷ ಹೋದರೆ ತಡೆದುಕೊಳ್ಳಬಹುದು ಎಂದಿಟ್ಟುಕೊಂಡೆವು. ಜೂನ್ 4ರಂದು ಮಾರಿದ ಪ್ರತಿ ಒಂದಕ್ಕೆ 870 ರೂಪಾಯಿ ಹೋಗಿತ್ತು. 2.6 ಲಕ್ಷವನ್ನು 870ರಿಂದ ಭಾಗಿಸಿದರೆ 300 ಬರುತ್ತದೆ. 1,000 ಅಲ್ಲ, 300.

300ಕ್ಕೆ ಆದಾಯ ತಿಂಗಳಿಗೆ ಸುಮಾರು 10,000. ವರ್ಷಕ್ಕೆ 1.2 ಲಕ್ಷ, ಬಂಡವಾಳದ ಮೇಲೆ 4.6%. ಒತ್ತೆಯ ಹಣ ಲಿಕ್ವಿಡ್ ಫಂಡಿನಲ್ಲಿದ್ದರೆ ಅದರ ಬಡ್ಡಿ ಬೇರೆ ಬರುತ್ತದೆ, ನಿಜ. ಆದರೆ ಈ 4.6ರಿಂದ ಮೂರು ವರ್ಷಕ್ಕೊಮ್ಮೆ ಬರಬಹುದಾದ 10%ರ ಪೆಟ್ಟನ್ನೂ ಕಳೆಯಬೇಕು. ಉಳಿಯುವುದು ವರ್ಷಕ್ಕೆ 1%ಗಿಂತ ಸ್ವಲ್ಪ ಜಾಸ್ತಿ. ಪ್ರೀಮಿಯಂ ಇರುವುದು ಹೌದು, ಆದರೆ ಅದು ಇಷ್ಟು ಸಣ್ಣದು. ತಿಂಗಳ ಸಂಬಳದ ಹಾಗೆ ಬರುತ್ತಿದ್ದ 34,000ದಲ್ಲಿ ಬಹುಪಾಲು ಬರುತ್ತಿದ್ದದ್ದು ಅತಿಯಾದ ಹೊರೆಯಿಂದ.

ಇನ್ನೊಂದು ದಾರಿ ರಕ್ಷಣೆ ಕೊಳ್ಳುವುದು. 22,500ರ ಪುಟ್ ಮಾರಿದಾಗಲೇ 22,000ದ ಪುಟ್ ಕೊಂಡಿದ್ದರೆ ನಷ್ಟ ಪ್ರತಿ ಒಂದಕ್ಕೆ 500 ರೂಪಾಯಿಯೊಳಗೆ ನಿಲ್ಲುತ್ತಿತ್ತು. ಅದಕ್ಕೆ ಸಿಕ್ಕ 70ರಲ್ಲಿ ಅರ್ಧದಷ್ಟು ಖರ್ಚಾಗುತ್ತಿತ್ತು. ಇಲ್ಲೂ ಒಂದು ಗುಂಡಿ ಇದೆ. ಹೀಗೆ ಕೊಂಡಾಗ ಮಾರ್ಜಿನ್ ಬಹಳ ಕಡಿಮೆಯಾಗುತ್ತದೆ. ಉಳಿದ ಮಾರ್ಜಿನ್‌ನಲ್ಲಿ ಜನ ಮೂರು ಪಟ್ಟು ಮಾರಲು ಹೋಗುತ್ತಾರೆ. ಆಗ ರಕ್ಷಣೆ ಇದ್ದೂ ಇಲ್ಲದಂತಾಗುತ್ತದೆ.

ದೊಡ್ಡವರೂ ಇದೇ ಗುಂಡಿಗೆ ಬಿದ್ದಿದ್ದಾರೆ. ಅಮೆರಿಕದಲ್ಲಿ XIV ಎಂಬ ಹೂಡಿಕೆ ಪತ್ರವೊಂದಿತ್ತು. ಅಲ್ಲಿನ ವಿಕ್ಸ್ ಫ್ಯೂಚರ್ಸ್ ಇಳಿದಾಗ ಅದು ಏರುತ್ತಿತ್ತು. ವರ್ಷಗಟ್ಟಲೆ ಚೆನ್ನಾಗಿ ಗಳಿಸಿತು. 2018ರ ಫೆಬ್ರುವರಿ 5ರಂದು ವಿಕ್ಸ್ 17ರಿಂದ 37ಕ್ಕೆ ಏರಿತು. XIV ತನ್ನ ಮೌಲ್ಯದ 90%ಗಿಂತ ಜಾಸ್ತಿ ಕಳೆದುಕೊಂಡಿತು. ಹೊರಡಿಸಿದ ಬ್ಯಾಂಕು ಅದನ್ನು ಮುಚ್ಚಿತು.

ಎರಡನೇ ಭಾನುವಾರ ಹೊತ್ತು ಇಳಿದಿತ್ತು. ಆಗ ತುಂಗಭದ್ರಾ ಡ್ಯಾಮಿಗೆ ನೀರು ಬರುತ್ತಿತ್ತು. ಎಡದಂಡೆ ಕಾಲುವೆಗೆ ಯಾವಾಗ ಬಿಡುತ್ತಾರೆ ಎಂಬ ಮಾತು ಊರೆಲ್ಲ ಇತ್ತು. ಸಾಹುಕಾರರೇ ಹೇಳಿದರು: "ಡ್ಯಾಮಿಗೆ 33 ಗೇಟ್ ಅದಾವ. ದಿನಾ ಬರೋ ನೀರಿಗೆ ಅಷ್ಟು ಬೇಕಾಗಿಲ್ರೀ. ಹೊಳಿ ತುಂಬಿ ಬಂದ ದಿನಕ್ಕ ಬೇಕು. ನಾ ದಿನದ ನೀರಿನ ಲೆಕ್ಕಕ್ಕ ಗೇಟ್ ಇಟ್ಟಿದ್ದೆ."

ಈಗ ಅವರ ಹಣದಲ್ಲಿ ದೊಡ್ಡ ಭಾಗ ಬ್ಯಾಂಕಿನ ಠೇವಣಿಯಲ್ಲಿದೆ. ವಹಿವಾಟು ಬಿಟ್ಟಿಲ್ಲ. ನಾನು ಬಿಡಿ ಎಂದೇ ಹೇಳಿದ್ದೆ. ಆಗ ಪ್ರಮಾಣ 200ಕ್ಕೆ ಇಳಿಸಿದರು. ಮಾರಿದ ಪ್ರತಿ ಪುಟ್‌ಗೂ ಕೆಳಗೆ ಒಂದು ಪುಟ್ ಕೊಳ್ಳುತ್ತಾರೆ. ಮಾರುವ ಮೊದಲು ಪುಸ್ತಕದಲ್ಲಿ ಎರಡು ಹೊಸ ಕಾಲಂ ತುಂಬುತ್ತಾರೆ: ನಿಫ್ಟಿ ಒಂದೇ ದಿನ 6% ಬಿದ್ದರೆ ಎಷ್ಟು ಹೋಗುತ್ತದೆ, 13% ಬಿದ್ದರೆ ಎಷ್ಟು.

ಆ ವರ್ಷದ ಆಗಸ್ಟ್ 5, ಸೋಮವಾರ, ಜಪಾನಿನ ಮಾರುಕಟ್ಟೆ ಕುಸಿದ ದಿನ ನಿಫ್ಟಿಯೂ 662 ಅಂಶ ಬಿತ್ತು. ವಿಕ್ಸ್ 14ರಿಂದ 20ರ ಮೇಲೆ ಜಿಗಿಯಿತು. ಅವರು 24,100ರ ಪುಟ್ ಮಾರಿ 23,800ರದ್ದು ಕೊಂಡಿದ್ದರು. ಪುಸ್ತಕದ ಎರಡೂ ಕಾಲಂನಲ್ಲಿ ಒಂದೇ ಅಂಕಿ ಬರೆದಿತ್ತು: 55,000. ಅಂದು ಮಧ್ಯಾಹ್ನ 22,000 ನಷ್ಟಕ್ಕೆ ಎರಡನ್ನೂ ಮುಚ್ಚಿ, ತೌಡಿನ ಲೋಡ್ ತೂಕ ಮಾಡಿಸಲು ಮಿಲ್ಲಿಗೆ ಹೋದರು.